ದುಡ್ಡು ಕೊಟ್ಟು ಕೊಂಡ ಡಿಎಲ್‌ಸಿ ಎಲ್ಲಿ ಹೋಗುತ್ತದೆ?

ಮೊನ್ನೆ ಅಕ್ಕನ ಮಗ ಸ್ಟೋರಿನಲ್ಲಿ ಫೋರ್ಜಾ ಹೊರೈಜನ್ 4 ಅನ್ನುವ ಕಾರ್ ರೇಸಿನ ಆಟ ಹುಡುಕುತ್ತಿದ್ದ. ಸಿಗಲಿಲ್ಲ. "ಮಾಮ, ನೀನು ಇದರ ಡಿಎಲ್‌ಸಿನೂ ಕೊಂಡಿದ್ಯಲ್ಲ, ಅದೂ ಹೋಯ್ತಾ?" ಅಂದ. ಡಿಎಲ್‌ಸಿ ಅಂದರೆ ಆಟದ ಜೊತೆಗೆ ಬೇರೆಯಾಗಿ ಕೊಂಡು ಡೌನ್‌ಲೋಡ್ ಮಾಡಿಕೊಳ್ಳುವ ಹೆಚ್ಚುವರಿ ಭಾಗ. ಇಲ್ಲ ಕಣೋ, ಇದೆ ಅಂತ ಇನ್‌ಸ್ಟಾಲ್ ಮಾಡಿ ತೋರಿಸಿದೆ. ಅವನಿಗೆ ಆಶ್ಚರ್ಯ. ಮಾರಾಟ ನಿಂತರೆ ಎಲ್ಲವೂ ಮುಗಿಯಿತು ಅಂದುಕೊಂಡಿದ್ದ.

ಹಾಗಲ್ಲ. ಅಂಗಡಿಯಿಂದ ತೆಗೆಯುವುದೇ ಬೇರೆ, ಸರ್ವರ್ ನಿಲ್ಲಿಸುವುದೇ ಬೇರೆ. ಫೋರ್ಜಾದಲ್ಲಿ ಆಗಿದ್ದು ಮೊದಲನೆಯದು. ಪಾಲುದಾರರ ಜೊತೆಗಿನ ಲೈಸೆನ್ಸ್ ಒಪ್ಪಂದಗಳ ಕಾರಣ ಕೊಟ್ಟು 2024ರ ಜೂನ್ 25ಕ್ಕೆ ಡಿಎಲ್‌ಸಿ ಮಾರಾಟ ನಿಲ್ಲಿಸಿದರು, ಡಿಸೆಂಬರ್ 15ಕ್ಕೆ ಆಟವನ್ನೇ ತೆಗೆದರು. ಮೊದಲೇ ಕೊಂಡವರು ಈಗಲೂ ಡೌನ್‌ಲೋಡ್ ಮಾಡಿ ಆಡಬಹುದು. ಪೇಚಿಗೆ ಸಿಕ್ಕವರು ಇನ್ನೊಂದು ಗುಂಪಿನವರು. ಆಟ ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಚಂದಾದಲ್ಲಿ ಸಿಗುತ್ತಿತ್ತು, ಹಾಗಾಗಿ ಅವರು ಫಾರ್ಚೂನ್ ಐಲ್ಯಾಂಡ್‌ನಂಥ ಡಿಎಲ್‌ಸಿ ಮಾತ್ರ ಕೊಂಡಿದ್ದರು. ಆಟ ಚಂದಾದಿಂದ ಹೊರಬಿದ್ದರೆ ಅವರ ಕೈಯಲ್ಲಿ ಉಳಿಯುವುದು ಆಡಲಾಗದ ದ್ವೀಪ! ಚಂದಾ ಚಾಲ್ತಿಯಲ್ಲಿದ್ದು ಡಿಎಲ್‌ಸಿ ಕೊಂಡಿದ್ದವರಲ್ಲಿ ಹೆಚ್ಚಿನವರಿಗೆ ಪೂರ್ತಿ ಆಟದ ಟೋಕನ್ ಕೊಡುತ್ತೇವೆ ಎಂದು ಮೈಕ್ರೋಸಾಫ್ಟ್ ಹೇಳಿತು. ಅದನ್ನು ಮೆಚ್ಚಲೇಬೇಕು.

ನನಗೆ ಸಿಟ್ಟು ಬರಿಸುವುದು ಎರಡನೆಯದು. 2022ರಲ್ಲಿ ಯೂಬಿಸಾಫ್ಟ್ ಅನ್ನುವ ಗೇಮ್ ಕಂಪನಿ ತನ್ನ ಹತ್ತು ಹದಿನೈದು ಹಳೆಯ ಆಟಗಳ ಆನ್‌ಲೈನ್ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿತು. ಮೊದಲು ಸೆಪ್ಟೆಂಬರ್ 1 ಅಂದರು, ಆಮೇಲೆ ಅಕ್ಟೋಬರ್ 1ಕ್ಕೆ ಮುಂದೂಡಿದರು. ಪಟ್ಟಿಯಲ್ಲಿ 2012ರ ಅಸಾಸಿನ್ಸ್ ಕ್ರೀಡ್ 3 ಇತ್ತು. ಮಲ್ಟಿಪ್ಲೇಯರ್ ಹೋಗುತ್ತದೆ ಎಂದಿತ್ತು, ಸರಿ. ಹತ್ತು ವರ್ಷ ಸರ್ವರ್ ನಡೆಸಿದ್ದಾರೆ, ಆಡುವವರೂ ಕಡಿಮೆಯಾಗಿದ್ದಾರೆ, ಒಪ್ಪೋಣ. ಆದರೆ ಪಿಸಿಯವರಿಗೆ ಇನ್ನೊಂದು ಸಾಲು ಇತ್ತು. ಡಿಎಲ್‌ಸಿ ಇನ್‌ಸ್ಟಾಲ್ ಮಾಡಲೂ ಆಗುವುದಿಲ್ಲ, ತೆರೆಯಲೂ ಆಗುವುದಿಲ್ಲ.

ಈ ಆಟಕ್ಕೆ 2013ರಲ್ಲಿ ಮೂರು ಕಂತಿನ ಕಥೆಯೊಂದು ಡಿಎಲ್‌ಸಿಯಾಗಿ ಬಂದಿತ್ತು. ಜಾರ್ಜ್ ವಾಷಿಂಗ್ಟನ್ ದಬ್ಬಾಳಿಕೆಯ ರಾಜನಾಗಿಬಿಟ್ಟರೆ ಏನಾಗುತ್ತಿತ್ತು ಅನ್ನುವ ಕಥೆ. ಒಬ್ಬನೇ ಕೂತು ಆಡುವಂಥದ್ದು. ಇನ್ನೊಬ್ಬ ಆಟಗಾರ ಬೇಡ, ಆಡಲು ನೆಟ್ ಬೇಕಾದ ಕೆಲಸವೇ ಅದರಲ್ಲಿಲ್ಲ. ಹಾಗಿದ್ದರೂ ಸರ್ವರ್ ಆರಿದರೆ ಇದು ಯಾಕೆ ಹೋಗಬೇಕು?

ಉತ್ತರ ಬೀಗದಲ್ಲಿದೆ. ಎಷ್ಟೋ ಆಟಗಳಲ್ಲಿ ಡಿಎಲ್‌ಸಿಯ ಫೈಲುಗಳು ಅಪ್‌ಡೇಟ್ ಜೊತೆ ಎಲ್ಲರ ಡಿಸ್ಕಿಗೂ ಬಂದು ಕೂತಿರುತ್ತವೆ. ನಾವು ದುಡ್ಡು ಕೊಟ್ಟಾಗ ಸಿಗುವುದು ಬೀಗದ ಕೈ ಮಾತ್ರ. "ಇವನು ದುಡ್ಡು ಕೊಟ್ಟಿದ್ದಾನಾ?" ಎಂದು ಆಟ ಯಾರನ್ನೋ ಕೇಳುತ್ತದೆ. ಕನ್ಸೋಲಿನಲ್ಲಿ ಅದಕ್ಕೆ ಉತ್ತರಿಸುವುದು ಸೋನಿ ಅಥವಾ ಮೈಕ್ರೋಸಾಫ್ಟ್‌ನ ವ್ಯವಸ್ಥೆ. ಪಿಸಿಯಲ್ಲಿ ಆ ಕಾಲದ ಯೂಬಿಸಾಫ್ಟ್ ಆಟಗಳು ಯೂಬಿಸಾಫ್ಟ್ ಸರ್ವರನ್ನೇ ಕೇಳುತ್ತಿದ್ದವು. ಕೇಳಿಸಿಕೊಳ್ಳುವವರೇ ಇಲ್ಲದಿದ್ದರೆ ಬೀಗ ತೆರೆಯುವುದಿಲ್ಲ. ಅದಕ್ಕೇ ಪ್ರಕಟಣೆಯಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360ರವರಿಗೆ ಡಿಎಲ್‌ಸಿ ಹೋಗುವ ಮಾತಿರಲಿಲ್ಲ. ಅದೇ ಕಥೆಗೆ ಇಬ್ಬರೂ ದುಡ್ಡು ಕೊಟ್ಟಿದ್ದರು ಅಲ್ವಾ?

ಇದಕ್ಕೆ ದಾರಿಯೇ ಇಲ್ಲ ಅನ್ನುವ ಹಾಗಿಲ್ಲ. ಅದೇ ಪಟ್ಟಿಯಲ್ಲಿ ಅನೋ 2070 ಕೂಡ ಇತ್ತು. ಅದನ್ನು ನೋಡಿಕೊಳ್ಳುವ ತಂಡ ಸುಮ್ನೆ ಕೂರಲಿಲ್ಲ. ತಮ್ಮ ಡೆವಲಪರ್‌ಗಳನ್ನೇ ಹಾಕಿ ಹಳೆಯ ಆನ್‌ಲೈನ್ ವ್ಯವಸ್ಥೆಯನ್ನು ಹೊಸದಕ್ಕೆ ಬದಲಾಯಿಸಿ ಆಟ ಉಳಿಸಿಕೊಂಡಿತು. ಒಬ್ಬನೇ ಆಡುವ ಡಿಎಲ್‌ಸಿಗೆ ಅಷ್ಟೂ ಬೇಕಿಲ್ಲ. ದುಡ್ಡಿನ ವಿಚಾರಣೆಯನ್ನು ತೆಗೆದುಹಾಕುವ ಕೊನೆಯ ಪ್ಯಾಚ್ ಒಂದನ್ನು ಬಿಡುಗಡೆ ಮಾಡಿ, ಆಮೇಲೆ ಸರ್ವರ್ ನಿಲ್ಲಿಸಲಿ. ದುಡ್ಡು ಕೊಡದ ನಾಲ್ಕು ಜನರಿಗೂ ಅದು ತೆರೆದುಕೊಳ್ಳಬಹುದು, ನಿಜ. ಹತ್ತು ವರ್ಷ ಹಳೆಯ ಸರಕು, ತೆರೆದುಕೊಳ್ಳಲಿ ಬಿಡಿ.

ಪೂರ್ತಿ ಆನ್‌ಲೈನ್ ಆಟಗಳ ಕಥೆ ಇದಕ್ಕಿಂತ ಕಷ್ಟ. 2024ರ ಮಾರ್ಚ್ 31ಕ್ಕೆ ದಿ ಕ್ರೂ ಆಟದ ಸರ್ವರ್ ಆರಿದಾಗ ಆಟವೂ ಹೋಯಿತು, ಅದರ ಜೊತೆ ಕೊಂಡ ಡಿಎಲ್‌ಸಿಯೂ ಹೋಯಿತು. ಆ ಗಲಾಟೆಯಿಂದಲೇ ಯುರೋಪಿನಲ್ಲಿ ಸಹಿ ಸಂಗ್ರಹದ ಚಳವಳಿ ಹುಟ್ಟಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನೀವು ಕೊಂಡ ಡಿಎಲ್‌ಸಿ ಯಾವ ಬಗೆಯದು ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ವೈಫೈ ಆಫ್ ಮಾಡಿ ಆಟ ಶುರುಮಾಡಿ. ಮೆನುವಿನಲ್ಲಿ ಡಿಎಲ್‌ಸಿ ಮಾಯವಾದರೆ, ಅದು ಪ್ರತಿ ಸಲವೂ ಸರ್ವರನ್ನು ಕೇಳುತ್ತಿದೆ ಎಂದರ್ಥ. ಹಾಗೇ ಇದ್ದರೂ ಪೂರ್ತಿ ಖುಷಿಪಡಬೇಡಿ. ಒಮ್ಮೆ ಕೇಳಿ ನೆನಪಿಟ್ಟುಕೊಳ್ಳುವ ಆಟಗಳೂ ಇವೆ. ಅವು ಹೊಸ ಕಂಪ್ಯೂಟರಿಗೆ ಹಾಕಿದಾಗ ಮತ್ತೆ ಕೇಳುತ್ತವೆ.

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಿದೆ. ಅವನು ಅಷ್ಟರಲ್ಲಿ ಫಾರ್ಚೂನ್ ಐಲ್ಯಾಂಡ್‌ನಲ್ಲಿ ಕಾರನ್ನು ಬಂಡೆಗೆ ಗುದ್ದಿ ಆಗಿತ್ತು.