ರೂಮ್‌ಮೇಟ್‌ಗೆ ನೇರವಾಗಿ ಹೇಳಿದರೆ ಏನಾಗುತ್ತದೆ?

ಬರ್ಲಿನ್‌ನಲ್ಲಿ ನಾವು ಮೂವರು ಒಂದು ಫ್ಲಾಟ್‌ನಲ್ಲಿದ್ದೇವೆ. ಪಕ್ಕದ ಕೋಣೆಯ ಹುಡುಗ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಗೆಳೆಯರ ಜೊತೆ ಗೇಮ್ ಆಡುತ್ತಾನೆ. ಒಂದು ದಿನ ರಾತ್ರಿ ಒಂದು ಗಂಟೆಯಾದರೂ ಅವನ ಕೂಗು ನಿಲ್ಲಲಿಲ್ಲ. ಮಾರನೇ ದಿನ ಅಡುಗೆಮನೆಯಲ್ಲಿ ಸಿಕ್ಕಾಗ ಹೇಳಿದೆ: "ರಾತ್ರಿ ಒಂದು ಗಂಟೆಗೆ ನಿನ್ನ ಮಾತೆಲ್ಲ ನನ್ನ ಹಾಸಿಗೆವರೆಗೆ ಕೇಳಿಸ್ತಿತ್ತು. ಹತ್ತರ ಮೇಲೆ ಮೆಲ್ಲಗೆ ಮಾತಾಡ್ತೀಯಾ?"

ಅವನು ಮುಖ ಸಿಂಡರಿಸಲಿಲ್ಲ. "ಹೌದಾ? ಬಾ, ಎಷ್ಟು ಕೇಳುತ್ತೆ ನೋಡೋಣ" ಅಂದ. ಅವನು ತನ್ನ ಕೋಣೆಯಲ್ಲಿ ಕೂತು ಮಾತಾಡಿದ, ನಾನು ನನ್ನ ಕೋಣೆಯಲ್ಲಿ ಕಿವಿಗೊಟ್ಟೆ. ಆಗ ಕಾರಣ ಗೊತ್ತಾಯಿತು. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದರೆ ನಮ್ಮ ದನಿ ನಮಗೇ ಸರಿಯಾಗಿ ಕೇಳುವುದಿಲ್ಲ. ಗೇಮಿನ ಗದ್ದಲವೂ ಸೇರಿದರೆ ದನಿ ತಾನಾಗಿಯೇ ಏರುತ್ತದೆ. ತನ್ನ ಮೈಕಿನ ದನಿ ತನ್ನ ಕಿವಿಗೂ ಬರುವಂತೆ ಸೆಟ್ಟಿಂಗ್ ಬದಲಿಸಿಕೊಂಡ. ಕೂಗು ಇಳಿಯಿತು. ಕೀಬೋರ್ಡಿನ ಟಕಟಕ ಉಳಿದಿತ್ತು. ಮೇಜು ನಮ್ಮಿಬ್ಬರ ನಡುವಿನ ಗೋಡೆಗೆ ತಾಗಿಕೊಂಡಿತ್ತು. ಅದನ್ನು ಒಂದು ಗೇಣು ಎಳೆದು, ಕೀಬೋರ್ಡಿನ ಕೆಳಗೆ ದಪ್ಪ ಬಟ್ಟೆ ಹಾಸಿದ ಮೇಲೆ ಅದೂ ತಗ್ಗಿತು. ಗೆದ್ದಾಗ ನಗುವ ನಗು ಈಗಲೂ ಕೇಳುತ್ತದೆ. ಅಷ್ಟಕ್ಕೆ ನಿದ್ದೆ ಕೆಡುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು. ಅದಕ್ಕೇ ಹೀಗೆ ನೇರವಾಗಿ ಹೇಳುವುದು ಸುಲಭ ಅಂತ ಊರಿನ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮಲ್ಲೂ ಧ್ವನಿವರ್ಧಕಕ್ಕೆ 2000ದ ನಿಯಮದಲ್ಲಿ ಇದೇ ಹೊತ್ತು ಇದೆ. ನಮಗೆ ಇಲ್ಲದಿರುವುದು ಎದುರು ಕೂತು ಹೇಳುವ ಅಭ್ಯಾಸ.

ಊರಲ್ಲಿ ನಾನಿದ್ದ ವಿಜಯನಗರದ ರೂಮಿನಲ್ಲಿ ಒಬ್ಬ ಮಧ್ಯರಾತ್ರಿ ಇಯರ್‌ಫೋನ್ ಇಲ್ಲದೆ ಕ್ರಿಕೆಟ್ ನೋಡುತ್ತಿದ್ದ. "ನಾಳೆ ಬೇಗ ಏಳ್ಬೇಕಪ್ಪಾ" ಎಂದು ಇನ್ನೊಬ್ಬ ಫ್ಯಾನಿಗೆ ಹೇಳಿದಂತೆ ಹೇಳಿ ಮುಸುಕು ಎಳೆಯುತ್ತಿದ್ದ. ಅವನಿಗೆ ಅರ್ಥವಾಗಬೇಕಲ್ವಾ? ಆಗಲಿಲ್ಲ. ಬೆಳಿಗ್ಗೆ ಬಕೆಟ್ ಕುಕ್ಕುವ ಸದ್ದು, ಆಮೇಲೆ ವಾರಗಟ್ಟಲೆ ಮುನಿಸು. ಕೊನೆಗೆ ಓನರ್ ಆಂಟಿ ಬಂದು "ಅಡ್ಜಸ್ಟ್ ಮಾಡ್ಕೊಳ್ರಪ್ಪಾ" ಎಂದರು. ಎಷ್ಟು ಸದ್ದು, ಯಾವ ಹೊತ್ತು, ಏನು ಮಾಡಬೇಕು, ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ. ಸುಮ್ನೆ ಸ್ನೇಹ ಕೆಟ್ಟಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೂ ಒಂದು ಮಾತು ಒಪ್ಪಲೇಬೇಕು. ಅದೇ ಕ್ರಿಕೆಟ್ ಗೆಳೆಯ, ನಾನು ಜ್ವರ ಬಂದು ಮಲಗಿದ್ದಾಗ ಯಾರೂ ಹೇಳದೆಯೇ ಫೋನ್ ಹಿಡಿದು ಮಹಡಿ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ಬರ್ಲಿನ್‌ನ ಹುಡುಗ ಹೇಳಿದ್ದನ್ನೆಲ್ಲ ಮಾಡುತ್ತಾನೆ, ಆದರೆ ಜ್ವರ ಬಂದಿದೆ ಅಂತಲೂ ನಾನೇ ಹೋಗಿ ಹೇಳಬೇಕು.