ಲಾಭ ಶೇ 35 ಏರಿತು, ಷೇರು ಶೇ 10 ಇಳಿಯಿತು

ಕಳೆದ ಫೆಬ್ರುವರಿಯ ಒಂದು ಸಂಜೆ ತುಮಕೂರಿನ ಅಮಾನಿಕೆರೆ ದಂಡೆಯ ಮೇಲೆ ನಡೆಯುತ್ತಿದ್ದಾಗ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಸಿಕ್ಕರು. ತಾವು ಷೇರು ಇಟ್ಟುಕೊಂಡಿದ್ದ ಕಂಪನಿಯೊಂದರ ಡಿಸೆಂಬರ್ ತ್ರೈಮಾಸಿಕದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, “ನೋಡಿ ಸಾರ್, ಲಾಭ ಶೇಕಡಾ ಮೂವತ್ತೈದು ಜಾಸ್ತಿ ಆಗಿದೆ, ಆದರೂ ಒಂದೇ ದಿನದಲ್ಲಿ 1,600 ರೂಪಾಯಿಯ ಷೇರು 1,440ಕ್ಕೆ ಬಿದ್ದಿದೆ. ಇದು ದೊಡ್ಡವರ ಆಟವಲ್ಲದೆ ಮತ್ತೇನು?” ಎಂದರು. ಆಟ ಇರಲಾರದು ಎಂದು ನಾನು ಹೇಳುವುದಿಲ್ಲ. ಆದರೆ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆದೇ ಕಾಲ ಕಳೆದವನಾದ್ದರಿಂದ, ಶೀರ್ಷಿಕೆಯನ್ನು ನಂಬುವ ಮೊದಲು ಲೆಕ್ಕದ ಹಾಳೆಯನ್ನು ನೋಡುವುದು ನನಗೆ ಅಭ್ಯಾಸ. ಆ ರಾತ್ರಿ ಬಿಎಸ್‌ಇ ಜಾಲತಾಣದಿಂದ ಕಂಪನಿಯ ಫಲಿತಾಂಶದ ಪಿಡಿಎಫ್ ಇಳಿಸಿಕೊಂಡು ಕುಳಿತೆ. ಕಂಪನಿಯ ಹೆಸರು ಇಲ್ಲಿ ಬೇಡ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನೂ ದುಂಡಾಗಿಸಿದ್ದೇನೆ.

ಡಿಸೆಂಬರ್ ಫಲಿತಾಂಶದ ಹಾಳೆಯಲ್ಲಿ ಸಾಮಾನ್ಯವಾಗಿ ಆರು ಅಂಕಣಗಳಿರುತ್ತವೆ. ಮೊದಲನೆಯದು ಈಗ ಮುಗಿದ ಮೂರು ತಿಂಗಳು, ಎರಡನೆಯದು ಅದರ ಹಿಂದಿನ ಮೂರು ತಿಂಗಳು, ಮೂರನೆಯದು ಹಿಂದಿನ ವರ್ಷದ ಇದೇ ಮೂರು ತಿಂಗಳು. ಉಳಿದವು ಒಂಬತ್ತು ತಿಂಗಳ ಮತ್ತು ಇಡೀ ವರ್ಷದ ಲೆಕ್ಕ. ಹಬ್ಬ, ಮಳೆ, ಕೊಯ್ಲುಗಳ ಜೊತೆ ಬಹುತೇಕ ವ್ಯಾಪಾರಗಳು ಏರಿಳಿಯುವುದರಿಂದ ನಾನು ಮೊದಲ ಅಂಕಣವನ್ನು ಮೂರನೆಯದರ ಪಕ್ಕದಲ್ಲಿಟ್ಟು ಓದುತ್ತೇನೆ. ಸಮೂಹ ಕಂಪನಿಗಳೆಲ್ಲ ಸೇರಿದ ಲೆಕ್ಕ ಮತ್ತು ಕಂಪನಿಯೊಂದರದೇ ಲೆಕ್ಕ ಎಂಬ ಎರಡು ಹಾಳೆಗಳಿದ್ದರೆ, ಸೇರಿದ ಲೆಕ್ಕವನ್ನೇ ಹಿಡಿಯುವುದು ಒಳ್ಳೆಯದು.

ಮೇಷ್ಟ್ರ ಕಂಪನಿ ಯಂತ್ರಗಳ ಬಿಡಿಭಾಗ ತಯಾರಿಸುತ್ತದೆ. ಹಿಂದಿನ ವರ್ಷ ಇದೇ ಅವಧಿಯಲ್ಲಿ ಅದರ ಮಾರಾಟ 500 ಕೋಟಿ ರೂಪಾಯಿ ಇತ್ತು, ಈ ಸಲ 530 ಕೋಟಿ. ಅಂದರೆ ಶೇ 6ರ ಬೆಳವಣಿಗೆ, ಕೆಟ್ಟದ್ದೇನಲ್ಲ. ನಿವ್ವಳ ಲಾಭ 49 ಕೋಟಿಯಿಂದ 66 ಕೋಟಿಗೆ ಏರಿದೆ, ಸುದ್ದಿಯಾದ ಶೇ 35 ಇದೇ. ಮಾರಾಟ ಶೇ 6 ಬೆಳೆದಾಗ ಲಾಭ ಶೇ 35 ಬೆಳೆಯಬೇಕಾದರೆ ಒಂದೋ ಖರ್ಚು ಬಹಳ ಕಡಿಮೆಯಾಗಿರಬೇಕು, ಇಲ್ಲವೇ ಹಣ ಬೇರೆಲ್ಲಿಂದಲೋ ಬಂದಿರಬೇಕು. ಈ ಎರಡರಲ್ಲಿ ಯಾವುದೆಂದು ಹುಡುಕುವುದೇ ಫಲಿತಾಂಶ ಓದುವ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು.

ಖರ್ಚಿನ ಸಾಲುಗಳನ್ನು ನೋಡಿದಾಗ ಮೊದಲ ಸಾಧ್ಯತೆ ಅಳಿಸಿಹೋಯಿತು. ಕಚ್ಚಾವಸ್ತುವಿನ ವೆಚ್ಚ 250 ಕೋಟಿಯಿಂದ 281 ಕೋಟಿಗೆ ಏರಿತ್ತು. (ಈ ಅಂಕಿಯನ್ನು ಹಾಳೆ ನೇರವಾಗಿ ಕೊಡುವುದಿಲ್ಲ. ಬಳಸಿದ ಕಚ್ಚಾವಸ್ತುವಿನ ಸಾಲಿನಲ್ಲಿ 284 ಇತ್ತು. ಅದರ ಕೆಳಗಿನ ದಾಸ್ತಾನಿನ ಬದಲಾವಣೆಯ ಸಾಲಿನಲ್ಲಿ ಆವರಣದೊಳಗೆ 3 ಇತ್ತು. ಆವರಣವೆಂದರೆ ಕಳೆಯಬೇಕು ಎಂದರ್ಥ: ಅಷ್ಟು ಬೆಲೆಯ ಸರಕು ತಯಾರಾಗಿ, ಮಾರಾಟವಾಗದೆ ಗೋದಾಮಿನಲ್ಲಿ ಕುಳಿತಿದೆ.) ಒಟ್ಟಿನಲ್ಲಿ 30 ಕೋಟಿಯಷ್ಟು ಹೆಚ್ಚು ಮಾರಿದ ಕಂಪನಿ ಕಚ್ಚಾವಸ್ತುವಿಗೇ 31 ಕೋಟಿ ಹೆಚ್ಚು ಖರ್ಚು ಮಾಡಿತ್ತು. ಉಕ್ಕಿನ ಬೆಲೆ ಏರಿದಾಗ ಅದನ್ನು ಗಿರಾಕಿಯ ಮೇಲೆ ಹಾಕಲು ಆಗಲಿಲ್ಲವೋ, ಮಾರಾಟ ಹೆಚ್ಚಿಸಲೆಂದೇ ದರ ಇಳಿಸಿದರೋ, ಹಾಳೆ ಹೇಳುವುದಿಲ್ಲ. ಸಂಬಳವೂ 60ರಿಂದ 66 ಕೋಟಿಗೆ, ಇತರ ಖರ್ಚು 100ರಿಂದ 101 ಕೋಟಿಗೆ ಏರಿದ್ದವು. ಇವನ್ನೆಲ್ಲ ಮಾರಾಟದಿಂದ ಕಳೆದರೆ ಉಳಿಯುವ ಕಾರ್ಯಾಚರಣೆಯ ಲಾಭ ಹಿಂದಿನ ವರ್ಷ 90 ಕೋಟಿ, ಈ ವರ್ಷ 82 ಕೋಟಿ. ಮಾರ್ಜಿನ್ ಲೆಕ್ಕದಲ್ಲಿ ಹೇಳುವುದಾದರೆ, ನೂರು ರೂಪಾಯಿಯ ಮಾರಾಟಕ್ಕೆ 18 ರೂಪಾಯಿ ಉಳಿಯುತ್ತಿದ್ದಲ್ಲಿ ಈಗ ಹದಿನೈದೂವರೆ ಉಳಿಯುತ್ತಿದೆ.

ಹಾಗಾದರೆ 66 ಕೋಟಿ ಎಲ್ಲಿಂದ ಬಂತು? ತೆರಿಗೆಯ ಸಾಲಿಗಿಂತ ಸ್ವಲ್ಪ ಮೇಲೆ, ‘ಅಸಾಧಾರಣ ಬಾಬ್ತು’ ಎಂಬ ಸಾಲಿನಲ್ಲಿ 35 ಕೋಟಿ ಇತ್ತು. ಹಾಳೆಯ ಅಡಿಯ ಸಣ್ಣ ಅಕ್ಷರದ ಟಿಪ್ಪಣಿಯೊಂದರಲ್ಲಿ, ಬಳಕೆಯಲ್ಲಿಲ್ಲದ ಹಳೆಯ ಕಾರ್ಖಾನೆಯ ಜಮೀನನ್ನು ಮಾರಿದ್ದರಿಂದ ಬಂದ ಲಾಭ ಎಂಬ ವಿವರಣೆ ಇತ್ತು. ತಪ್ಪೇನೂ ಇಲ್ಲ, ಮುಚ್ಚಿಟ್ಟದ್ದೂ ಅಲ್ಲ. ಆದರೆ ಜಮೀನನ್ನು ಮುಂದಿನ ತ್ರೈಮಾಸಿಕದಲ್ಲಿ ಮತ್ತೊಮ್ಮೆ ಮಾರಲಾಗದು. 82 ಕೋಟಿಗೆ ಇತರ ಆದಾಯದ 6 ಕೋಟಿ ಸೇರಿಸಿ, ಸವಕಳಿಯ 23 ಕೋಟಿ ಮತ್ತು ಬಡ್ಡಿಯ 12 ಕೋಟಿ ಕಳೆದರೆ 53 ಕೋಟಿ ಉಳಿಯುತ್ತದೆ. ಅದರಲ್ಲಿ ಸುಮಾರು ಕಾಲು ಭಾಗ ತೆರಿಗೆಗೆ ಹೋದರೆ ವ್ಯಾಪಾರದಿಂದಲೇ ಬಂದ ಲಾಭ ಸುಮಾರು 40 ಕೋಟಿ. ಹಿಂದಿನ ವರ್ಷದ 49 ಕೋಟಿಯ ಎದುರು ಇದು ಶೇ 18ರ ಇಳಿಕೆ. ಸುದ್ದಿಯವರು ಕೊನೆಯ ಸಾಲನ್ನು ಓದಿದ್ದರು, ಪೇಟೆ ನಡುವಿನ ಸಾಲುಗಳನ್ನು ಓದಿತ್ತು.

ಇಷ್ಟಾದರೂ, ಲಾಭ ಶೇ 18 ಇಳಿದ ಮಾತ್ರಕ್ಕೆ ಷೇರು ಬೀಳಲೇಬೇಕೆಂಬ ನಿಯಮವಿಲ್ಲ. ಅದು ಬಿದ್ದದ್ದು, ಮೊದಲೇ ಎಷ್ಟು ಎತ್ತರದಲ್ಲಿತ್ತು ಎಂಬ ಕಾರಣದಿಂದ. ಕಳೆದ ನಾಲ್ಕು ತ್ರೈಮಾಸಿಕಗಳಲ್ಲಿ ಪ್ರತಿ ಷೇರಿಗೆ ಕಂಪನಿ ಗಳಿಸಿದ್ದು ಸುಮಾರು 40 ರೂಪಾಯಿ. ಬೆಲೆ 1,600 ಎಂದರೆ ಆ ಗಳಿಕೆಯ 40 ಪಟ್ಟು. ಅಷ್ಟು ಕೊಟ್ಟು ಕೊಂಡವರು ಇಂದಿನ ಲಾಭಕ್ಕೆ ಹಣ ಕೊಟ್ಟಿರಲಿಲ್ಲ, ಮುಂದೆ ವರ್ಷ ವರ್ಷವೂ ಬೆಳೆಯುತ್ತದೆಂಬ ನಿರೀಕ್ಷೆಗೆ ಕೊಟ್ಟಿದ್ದರು; ಫಲಿತಾಂಶಕ್ಕೆ ಮೊದಲಿನ ಮೂರು ತಿಂಗಳಲ್ಲೇ ಷೇರು 1,250ರಿಂದ 1,600ಕ್ಕೆ ಏರಿತ್ತು. ತಿಪಟೂರಿನ ಕೊಬ್ಬರಿ ಹರಾಜನ್ನು ಬಲ್ಲವರಿಗೆ ಇದು ಹೊಸದಲ್ಲ. ಹಬ್ಬದ ಬೇಡಿಕೆ ಬರುತ್ತದೆಂದು ಎಲ್ಲರಿಗೂ ಗೊತ್ತಿದ್ದರೆ ದರ ಹಬ್ಬಕ್ಕೂ ಮೊದಲೇ ಏರಿ ಕೂತಿರುತ್ತದೆ. ಆಮೇಲೆ ಬೇಡಿಕೆ ಬಂದರೂ, ಎಣಿಸಿದಷ್ಟು ಬಾರದಿದ್ದರೆ ದರ ಇಳಿಯುತ್ತದೆ. ಇದೇ ಕಾರಣದಿಂದ ಜಮೀನು ಮಾರಾಟದಂಥ ಯಾವ ಗೊಂದಲವೂ ಇಲ್ಲದ, ನಿಜಕ್ಕೂ ಶೇ 20 ಬೆಳೆದ ಲಾಭದ ಮರುದಿನವೂ ಷೇರು ಬೀಳಬಹುದು, ಪೇಟೆ ಶೇ 30 ಎಣಿಸಿದ್ದರೆ.

ಇದನ್ನೆಲ್ಲ ಮರುದಿನ ಹೇಳಿದಾಗ ಮೇಷ್ಟ್ರು, “ಹಾಗಾದರೆ ಮಾರಿಬಿಡಲೇ ಸಾರ್?” ಎಂದು ಕೇಳಿದರು. ಅದಕ್ಕೆ ಈ ಒಂದು ಹಾಳೆ ಸಾಲದು. ತ್ರೈಮಾಸಿಕ ಫಲಿತಾಂಶವನ್ನು ಲೆಕ್ಕಪರಿಶೋಧಕರು ಸೀಮಿತವಾಗಿ ಮಾತ್ರ ಪರಿಶೀಲಿಸಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಜೂನ್ ಮತ್ತು ಡಿಸೆಂಬರ್ ಫಲಿತಾಂಶಗಳ ಜೊತೆ ಆಸ್ತಿ-ಹೊಣೆಯ ಪಟ್ಟಿಯನ್ನಾಗಲಿ ನಗದು ಹರಿವಿನ ಲೆಕ್ಕವನ್ನಾಗಲಿ ಕೊಡಬೇಕೆಂಬ ಕಡ್ಡಾಯವಿಲ್ಲ. ಅವು ಅರ್ಧವರ್ಷ ಮತ್ತು ಪೂರ್ಣವರ್ಷದ ಫಲಿತಾಂಶದಲ್ಲಿ ಬರುತ್ತವೆ. ಹೀಗಾಗಿ 530 ಕೋಟಿಯ ಮಾರಾಟದಲ್ಲಿ ಎಷ್ಟು ಹಣ ಕೈಗೆ ಬಂದಿದೆ, ಎಷ್ಟು ಉದ್ರಿ ಉಳಿದಿದೆ ಎಂಬುದು ಫೆಬ್ರುವರಿಯಲ್ಲಿ ತಿಳಿಯುವಂತಿರಲಿಲ್ಲ. ತಿಳಿಯುವಂತಿದ್ದದ್ದು ಇನ್ನೊಂದು: ವಿಶ್ಲೇಷಕರ ಜೊತೆ ಆಡಳಿತ ವರ್ಗ ನಡೆಸುವ ಮಾತುಕತೆಯ ಲಿಖಿತ ಪ್ರತಿಯನ್ನು ಕಂಪನಿ ಐದು ಕೆಲಸದ ದಿನಗಳೊಳಗೆ ಷೇರುಪೇಟೆಗೆ ಸಲ್ಲಿಸಬೇಕು. ಅದು ಬಂದಾಗ ಇಬ್ಬರೂ ಕುಳಿತು ಓದಿದೆವು. ಮಾರ್ಜಿನ್ ಬಗ್ಗೆ ಕೇಳಿದ ಪ್ರಶ್ನೆಗೆ, ಹೊಸ ದರದ ಒಪ್ಪಂದಗಳು ಜಾರಿಯಾಗಲು ಇನ್ನೂ ಎರಡು ತ್ರೈಮಾಸಿಕ ಬೇಕು ಎಂಬ ಉತ್ತರವಿತ್ತು.

ಮೇಷ್ಟ್ರು ಅರ್ಧದಷ್ಟು ಷೇರು ಮಾರಿ ಅರ್ಧ ಉಳಿಸಿಕೊಂಡಿದ್ದಾರೆ, ಸಲಹೆ ನನ್ನದಲ್ಲ. ಮಾರ್ಚ್ ಅಂತ್ಯದ ಲೆಕ್ಕ ಸಲ್ಲಿಸಲು ಕಂಪನಿಗೆ 60 ದಿನಗಳ ಅವಕಾಶವಿದೆ. ಅದು ಬಂದಾಗ ಮೊದಲು ಎರಡು ಸಾಲು ನೋಡೋಣವೆಂದು ಮಾತಾಗಿದೆ: ಗೋದಾಮಿನ ದಾಸ್ತಾನು ಮತ್ತು ಗಿರಾಕಿಗಳಿಂದ ಬರಬೇಕಾದ ಬಾಕಿ.