ಒಂದೇ ಮಲಪರೀಕ್ಷೆ ಸಾಕೇ? ಸತ್ಯಾಂಶ

ವಾಟ್ಸಾಪ್ ಸಂದೇಶ: "ಮಲ ಪರೀಕ್ಷೆ ಒಂದು ಸಲ ನಾರ್ಮಲ್ ಬಂದ್ರೆ ಮಗು ಹೊಟ್ಟೇಲಿ ಯಾವ ಕ್ರಿಮಿನೂ ಇಲ್ಲ ಅಂತ ಅರ್ಥ."

ಇದು ತಪ್ಪು. ನಾಲ್ಕು ವರ್ಷದ ಒಂದು ಮಗುವನ್ನು ನೆನೆಯಿರಿ. ಮೂರು ವಾರದಿಂದ ಭೇದಿ, ಜ್ವರವಿಲ್ಲ, ರಕ್ತವಿಲ್ಲ. ಮಲ ಜಿಡ್ಡುಜಿಡ್ಡಾಗಿ ನಾರುತ್ತದೆ, ಹೊಟ್ಟೆ ಉಬ್ಬಿದೆ, ತೂಕ ಇಳಿದಿದೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಜಿಯಾರ್ಡಿಯಾ. ಪ್ರವಾಸ ಮುಗಿಸಿ ಬಂದವರ ಭೇದಿ ಎರಡು ವಾರ ದಾಟಿದರೂ ಅಷ್ಟೇ.

ಈ ಏಕಕೋಶ ಜೀವಿ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡಿರುತ್ತದೆ. ಮಲದಲ್ಲಿ ಅದರ ಸಿಸ್ಟ್‌ಗಳು, ಅಂದರೆ ಗಟ್ಟಿ ಹೊದಿಕೆಯೊಳಗಿನ ಸುಪ್ತ ರೂಪಗಳು, ಒಂದು ದಿನ ರಾಶಿಯಾಗಿ ಬಂದರೆ, ಮರುದಿನ ಒಂದೂ ಇರದೇ ಹೋಗಬಹುದು. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಒಂದೇ ಸ್ಯಾಂಪಲ್ ನೋಡಿದರೆ ಎಷ್ಟೋ ಸೋಂಕು ತಪ್ಪಿಸಿಕೊಳ್ಳುತ್ತದೆ. ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ಕೊಡುವುದು ಇದಕ್ಕೇ. ಮಲದಲ್ಲಿ ಜಿಯಾರ್ಡಿಯಾದ ಪ್ರೋಟೀನ್ ಹುಡುಕುವ ಆಂಟಿಜೆನ್ ಪರೀಕ್ಷೆ ಇನ್ನೂ ಚುರುಕು; ಸೌಲಭ್ಯವಿದ್ದರೆ ಅದನ್ನೇ ಕೇಳಿ.

ಇನ್ನೊಂದು ತೊಡಕಿದೆ. ಇಂಥದೇ ದೀರ್ಘ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಮ್, ಸೈಕ್ಲೋಸ್ಪೊರಾ ಎಂಬ ಜೀವಿಗಳು ಮಾಮೂಲಿ ಪರೀಕ್ಷೆಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮಾರ್ಪಡಿಸಿದ ಆ್ಯಸಿಡ್-ಫಾಸ್ಟ್ ಬಣ್ಣ ಹಾಕಿದರೆ ಗುಲಾಬಿ-ಕೆಂಪು ಗುಂಡು ಚುಕ್ಕಿಗಳಾಗಿ ಕಾಣುತ್ತವೆ. ವೈದ್ಯರು ಹೆಸರಿಸಿ ಬರೆಯದಿದ್ದರೆ ಲ್ಯಾಬಿನವರು ಸಾಮಾನ್ಯವಾಗಿ ಆ ಬಣ್ಣ ಹಾಕುವುದಿಲ್ಲ. ಆದ್ದರಿಂದ ಎಷ್ಟು ದಿನದ ಭೇದಿ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಜಿಯಾರ್ಡಿಯಾ ವಾಸಿಯಾದ ಮೇಲೂ ಕೆಲವು ಮಕ್ಕಳಿಗೆ ಕೆಲವು ವಾರ ಹಾಲು ಜೀರ್ಣವಾಗದೆ ಭೇದಿ ಮುಂದುವರಿಯುತ್ತದೆ. ಆಗ ಮತ್ತೆ ಔಷಧಿ ಕೊಡುವ ಮೊದಲು ಮಲವನ್ನು ಇನ್ನೊಮ್ಮೆ ಪರೀಕ್ಷಿಸಬೇಕು.